ಸಿಲಿಂಡರ್ ಕಟ್ಟಿ ಇಳಿದವರು ಮೇಲೆ ಬರುವುದು ಹೇಗೆ?

ಕಡಲಿಗೆ ಇಳಿಯುವುದನ್ನು ಕಲಿಸಲು ಜಾಸ್ತಿ ಹೊತ್ತು ಬೇಡ. ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದುತ್ತಾ ಇಳಿದರಾಯಿತು. ಎಡವಟ್ಟಾಗುವುದು ಮೇಲೆ ಬರುವಾಗ. ಅದರಲ್ಲೂ ಮಂಜೇಶ್ವರ, ಉಪ್ಪಳ ಕಡೆಯ ನಮ್ಮ ಹುಡುಗರಿಗೆ ಈಜು ಚೆನ್ನಾಗಿ ಬರುತ್ತದೆ. ಅದೇ ತೊಂದರೆ. ಉಸಿರು ಕಟ್ಟಿ ಮುಳುಗಿ, ಪಚ್ಚಿಲೆ ಕಿತ್ತು, ಸರ್ರನೆ ಮೇಲೆ ಬಂದು ಅಭ್ಯಾಸ. ಹಾಗೆ ಮುಳುಗುವವನ ಎದೆಯಲ್ಲಿ ಇರುವುದು ದಡದ ಗಾಳಿ. ಅದು ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸಿಲಿಂಡರ್‌ನವನು ಆಳದಲ್ಲೇ ಒತ್ತಿದ ಗಾಳಿ ಎಳೆದುಕೊಳ್ಳುತ್ತಾನೆ. ಲೆಕ್ಕ ಬದಲಾಗುವುದು ಇಲ್ಲೇ.

ಮೊದಲು ಆ ಲೆಕ್ಕ. ದಡದಲ್ಲಿ ನಮ್ಮ ಮೇಲೆ 1 ವಾತಾವರಣದಷ್ಟು ಒತ್ತಡ. ಪ್ರತಿ 10 ಮೀಟರ್ ನೀರಿಗೆ ಇನ್ನೊಂದು ಸೇರುತ್ತದೆ. 30 ಮೀಟರ್‌ನಲ್ಲಿ ಒಟ್ಟು 4. ಗಾಳಿಯಲ್ಲಿ ನೈಟ್ರೋಜನ್ ಸುಮಾರು ಶೇ 79. ಡಾಲ್ಟನ್ ನಿಯಮದಂತೆ ಅಲ್ಲಿ ಅದರ ಪಾಲಿನ ಒತ್ತಡವೂ ನಾಲ್ಕು ಪಟ್ಟು, ಅಂದರೆ 3.16.

ಇದರ ಮೊದಲ ಪರಿಣಾಮ ತಲೆಗೆ. ಸುಮಾರು 30 ಮೀಟರ್‌ನಿಂದ ಆಚೆ ಅನೇಕರಿಗೆ ಒಂದು ಬಗೆಯ ಅಮಲು ಏರುತ್ತದೆ. ಇದೇ ನಾರ್ಕೋಸಿಸ್. ಗೇಜಿನ ಮುಳ್ಳು ಕಾಣುತ್ತದೆ, ಅದರ ಅರ್ಥ ಹೊಳೆಯುವುದಿಲ್ಲ. ಕೆಲವರು ಸುಮ್ನೆ ನಗುತ್ತಾರೆ, ಕೆಲವರು ವಿನಾಕಾರಣ ಹೆದರುತ್ತಾರೆ. ಜೊತೆಗಾರನಿಗೆ ಬೆರಳಲ್ಲಿ ಮೂರು ತೋರಿಸಿ, ಅವನು ಒಂದು ಸೇರಿಸಿ ನಾಲ್ಕು ತೋರಿಸಬೇಕು. ತಡವರಿಸಿದರೆ ಇಬ್ಬರೂ ಕೆಲವು ಮೀಟರ್ ಮೇಲೆ ಬನ್ನಿ. ಅಮಲು ಇಳಿಯುತ್ತದೆ, ಹ್ಯಾಂಗೋವರ್ ಇಲ್ಲ.

ಎರಡನೆಯ ಪರಿಣಾಮ ಸದ್ದಿಲ್ಲದ್ದು. ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಹೆಚ್ಚು ಅನಿಲ ಕರಗುತ್ತದೆ ಎನ್ನುತ್ತದೆ ಹೆನ್ರಿ ನಿಯಮ. ಹಾಗಾಗಿ ನಿಮಿಷ ಕಳೆದಂತೆ ರಕ್ತ, ಕೊಬ್ಬು, ಕೀಲುಗಳು ನೈಟ್ರೋಜನ್ ಹೀರಿಕೊಳ್ಳುತ್ತವೆ. ಗೋಲಿ ಸೋಡಾದ ಗೋಲಿಯನ್ನು ಒಮ್ಮೆಲೇ ಒತ್ತಿದರೆ ನೊರೆ ಉಕ್ಕುತ್ತದೆ ಅಲ್ವಾ? ಸರ್ರನೆ ಮೇಲೆ ಬಂದಾಗಲೂ ಒತ್ತಡ ಒಮ್ಮೆಲೇ ಇಳಿದು, ಅಂಥದ್ದೇ ಗುಳ್ಳೆ ಕೀಲಿನಲ್ಲೋ ಬೆನ್ನುಹುರಿಯಲ್ಲೋ ಎದ್ದರೆ ಅದು ಬೆಂಡ್ಸ್. 30 ಮೀಟರ್‌ನಲ್ಲಿ ಸುಮಾರು 20 ನಿಮಿಷ ಮುಗಿಯುವುದರೊಳಗೆ ಹೊರಡಿ.

ಈಗ ಹೊರಡುವ ಕೆಲಸ. ನೀವು ತೊಟ್ಟ ಗಾಳಿ ತುಂಬುವ ಜಾಕೆಟ್‌ನ ಎಡಹೆಗಲಿನ ಕೊಳವೆಯಲ್ಲಿ ಎರಡು ಗುಂಡಿ ಇವೆ. ಒಂದು ಜಾಕೆಟ್‌ಗೆ ಗಾಳಿ ತುಂಬಲು, ಇನ್ನೊಂದು ಬಿಡಲು. ಮೇಲೆ ಹೋಗಬೇಕಲ್ಲ ಎಂದು ತುಂಬುವ ಗುಂಡಿ ಒತ್ತುವವರೇ ಜಾಸ್ತಿ. ಮಾರಾಯ್ರೇ, ಅದು ಲಿಫ್ಟ್ ಅಲ್ಲ! 30 ಮೀಟರ್ ಆಳದಲ್ಲಿ ಜಾಕೆಟ್‌ನೊಳಗೆ ಆಗಲೇ 2 ಲೀಟರ್ ಗಾಳಿ ಇದೆ ಎನ್ನಿ. ಬಾಯ್ಲ್ ನಿಯಮದಂತೆ 10 ಮೀಟರ್‌ಗೆ ಬರುವಾಗ ಅದು 4 ಲೀಟರ್. ಹೆಚ್ಚಾದ 2 ಲೀಟರ್ ನಿಮ್ಮನ್ನು ಸುಮಾರು 2 ಕಿಲೋ ಬಲದಲ್ಲಿ ಮೇಲಕ್ಕೆ ಎತ್ತುತ್ತದೆ. ವೇಗ ಹೆಚ್ಚಿದಂತೆ ಗಾಳಿ ಇನ್ನೂ ಬೇಗ ಹಿಗ್ಗುತ್ತದೆ. ಕೊನೆಯ 10 ಮೀಟರ್‌ನಲ್ಲಿ ಮತ್ತೆ ಎರಡು ಪಟ್ಟು. ಅಲ್ಲಿ ಉಸಿರು ಕಟ್ಟಿದರೆ ಶ್ವಾಸಕೋಶವೇ ಹರಿಯಬಹುದು.

ಆದ್ದರಿಂದ ಕಾಲಿಗೆ ಹಾಕಿದ ರೆಕ್ಕೆ ಬಡಿದೇ ಏರಿ. ಎಡಗೈಯಲ್ಲಿ ಕೊಳವೆಯನ್ನು ತಲೆಗಿಂತ ಮೇಲೆ ಹಿಡಿಯಿರಿ, ಇಲ್ಲದಿದ್ದರೆ ಗಾಳಿ ಹೊರಬರುವುದಿಲ್ಲ. ವೇಗ ಹೆಚ್ಚುತ್ತಿದೆ ಎನಿಸುವ ಮೊದಲೇ ಬಿಡುವ ಗುಂಡಿಯನ್ನು ಚೂರು ಚೂರೇ ಒತ್ತಿ. ಕಾಲು ನಿಲ್ಲಿಸಿದರೆ ನೀವೂ ನಿಲ್ಲಬೇಕು, ಅದೇ ಪರೀಕ್ಷೆ. ಉಸಿರಾಟ ಎಡೆಬಿಡದೆ ನಡೆಯಲಿ. ವೇಗ ನಿಮಿಷಕ್ಕೆ 9 ಮೀಟರ್ ಮೀರಬಾರದು. "ಸಣ್ಣ ಗುಳ್ಳೆಗಿಂತ ನಿಧಾನ ಬಂದರೆ ಸಾಕು" ಎಂಬ ಹಳೆಯ ಮಾತನ್ನು ನಾನು ಒಪ್ಪುವುದಿಲ್ಲ, ಗುಳ್ಳೆಗೆ ಮೀಟರ್ ಇಲ್ಲ. '200 ಮೀಟರ್ ವಾಟರ್‌ಪ್ರೂಫ್' ಎಂದು ಬರೆದ ಅಗ್ಗದ ವಾಚನ್ನೂ ನಂಬಬೇಡಿ, ಅದು ಏರುವ ವೇಗ ಹೇಳುವುದಿಲ್ಲ. ದುಡ್ಡು ಖರ್ಚು ಮಾಡುವುದಾದರೆ ಡೈವ್ ಕಂಪ್ಯೂಟರ್‌ಗೆ ಮಾಡಿ.

5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಿ. ಉಳಿದ 5 ಮೀಟರ್ ಏರಲು ಒಂದು ನಿಮಿಷ ತೆಗೆದುಕೊಳ್ಳಿ.

ಲಕ್ಷದ್ವೀಪದಲ್ಲಿ ನಮ್ಮ ಜೊತೆಗಿದ್ದ ಒಬ್ಬ ಬಿಡುವ ಗುಂಡಿಯ ಬದಲು ತುಂಬುವ ಗುಂಡಿ ಒತ್ತಿ, ಬೆಂಡಿನ ಹಾಗೆ ಮೇಲೆ ಚಿಮ್ಮಿದ. ಸಂಜೆ ಮೊಣಕೈ ನೋವು. ಉಳುಕಿರಬೇಕು ಎಂದು ಕೊಟ್ಟಂಚುಕ್ಕಾದಿ ತೈಲ ತಿಕ್ಕಿಸಿಕೊಂಡ. ಒತ್ತಿದರೂ, ಮಡಚಿದರೂ ನೋವು ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಉಳುಕು ಹಾಗಿರುವುದಿಲ್ಲ. ಮುಳುಗಿದ ದಿನ ಇಂಥ ನೋವು, ಜೋಮು, ಕಾಲಿನ ಸೋಲು, ಮೂತ್ರ ಕಟ್ಟುವುದು ಕಂಡರೆ ತೈಲ ಪಕ್ಕಕ್ಕಿಡಿ. ಮಲಗಿಸಿ, ಶುದ್ಧ ಆಮ್ಲಜನಕ ಕೊಡಿ, ಒತ್ತಡದ ಕೋಣೆ ಇರುವ ಆಸ್ಪತ್ರೆ ಹುಡುಕಿ. ಆಮ್ಲಜನಕಕ್ಕೇ ನೋವು ಇಳಿಯಿತೆಂದು ಹಿಂದೆ ಬರಬೇಡಿ, ಗುಳ್ಳೆ ಉಳಿದಿರಬಹುದು. ಗುಣವಾಗಲಿ ಎಂದು ಮತ್ತೆ ನೀರಿಗಿಳಿಸುವುದಂತೂ ಬೇಡವೇ ಬೇಡ.

ಒಮ್ಮೆ ಮುಳುಗಿದರೆ 12 ಗಂಟೆ, ಹಲವು ಸಲವಾದರೆ 18 ಗಂಟೆ ವಿಮಾನ ಹತ್ತಬಾರದು. ಕಡಲಿಂದ ಎದ್ದ ದಿನವೇ ಸುಳ್ಯದ ದಾರಿಯಲ್ಲಿ ಮಡಿಕೇರಿಗೆ ಹೊರಡುವವರಿಗೂ ನಾನು ಇದೇ ಲೆಕ್ಕ ಹೇಳುವುದು. ಅಲ್ಲಿ ಎತ್ತರ ಸುಮಾರು 1,150 ಮೀಟರ್, ಗಾಳಿಯ ಒತ್ತಡ ಎಂಟನೇ ಒಂದು ಪಾಲಿನಷ್ಟು ಕಡಿಮೆ. ಸೋಡಾದ ಗೋಲಿಯನ್ನು ಇನ್ನೊಮ್ಮೆ ಒತ್ತಿದ ಹಾಗೆಯೇ. ರಾತ್ರಿ ಕಾಸರಗೋಡಿನಲ್ಲೇ ಉಳಿದು, ಮರುದಿನ ಊಟ ಮಾಡಿ ಘಾಟಿ ಹತ್ತಿ.