ಪ್ರೇಮ ಕಾದಂಬರಿಯ ಅಡ್ಡಿ ಗಟ್ಟಿಯೋ ಪೊಳ್ಳೋ: ಪರೀಕ್ಷಿಸುವುದು ಹೇಗೆ?

ಮುನ್ನೂರು ಪುಟದ ಪ್ರೇಮ ಕಾದಂಬರಿ ಮುಗಿಸಿ ಕೆಳಗಿಟ್ಟವರ ಬಾಯಲ್ಲಿ ನಮ್ಮ ಕಡೆ ಬರುವ ಮೊದಲ ದೂರು ಇದು: ‘ಇಬ್ರೂ ಒಮ್ಮೆ ಕುಂತು ಮಾತಾಡಿದ್ರ ಮುಗೀತಿತ್ತಲ್ರೀ, ಇಷ್ಟ್ಯಾಕ ಎಳದಾರ?’ ದೂರು ಬಹಳ ಸಲ ಸರಿಯಾಗಿಯೇ ಇರುತ್ತದೆ. ಆದರೆ ಕೆಲವು ಸಲ ಅಡ್ಡಿ ಗಟ್ಟಿಯಾಗಿಯೇ ಇದ್ದು, ಓದುವ ಅವಸರದಲ್ಲಿ ನಮ್ಮ ಕಣ್ಣಿಗೆ ಬಿದ್ದಿರುವುದಿಲ್ಲ. ಎರಡನ್ನೂ ಬೇರೆ ಮಾಡಿ ನೋಡಲು ಒಂದು ಪೆನ್ಸಿಲ್ಲು, ಒಂದು ಹಾಳೆ, ಎರಡನೆಯ ಓದಿಗಷ್ಟು ಸಮಯ ಬೇಕು.

ಪರೀಕ್ಷೆಗೆ ಒಂದು ಕಲ್ಪಿತ ಕಥೆ ಇಟ್ಟುಕೊಳ್ಳೋಣ. ಬೀಳಗಿ ತಾಲ್ಲೂಕಿನ ಒಂದು ಹಳ್ಳಿ ಆಲಮಟ್ಟಿ ಹಿನ್ನೀರಿಗೆ ಮುಳುಗಡೆಯಾಗಿದೆ. ಕಾಲ 2004. ಶಿವಲೀಲಾಳ ಅಪ್ಪ ಬಸಪ್ಪ ತನ್ನ ಹೊಲಕ್ಕೆ ಒಣ ಭೂಮಿಯ ದರದಲ್ಲಿ ಪರಿಹಾರ ಬಂತೆಂದು ನ್ಯಾಯಾಲಯಕ್ಕೆ ಹೋಗಿದ್ದಾನೆ. ಹೊಲದಲ್ಲಿ ಬಾವಿ ಇತ್ತು, ಅದು ನೀರಾವರಿ ಭೂಮಿ, ದರ ಹೆಚ್ಚಾಗಬೇಕು ಎಂಬುದು ಅವನ ವಾದ. ಆದರೆ ಉತಾರದಲ್ಲಿ ಬಾವಿ ದಾಖಲಾಗಿಲ್ಲ, ಈಗ ತೋರಿಸೋಣವೆಂದರೆ ಅದರ ಮೇಲೆ ನೀರು ನಿಂತಿದೆ. ಬಾವಿ ಇತ್ತೆಂದು ಹೇಳಬಲ್ಲವನು ಬಾಜೂ ಹೊಲದ ಗುರಪ್ಪ. ಗುರಪ್ಪನ ಮಗ ಮಲ್ಲಿಕಾರ್ಜುನನೇ ಶಿವಲೀಲಾ ಮೆಚ್ಚಿದ ಹುಡುಗ. ಜಾತಿ ಒಂದೇ, ಮನೆತನಗಳಿಗೂ ಹಗೆಯಿಲ್ಲ.

ಹಂತ 1: ಅಡ್ಡಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

‘ಇವಳು ಇವನನ್ನು ಮದುವೆಯಾಗಲಾರಳು, ಯಾಕೆಂದರೆ…’ ಎಂದು ಶುರು ಮಾಡಿ ವಾಕ್ಯ ಮುಗಿಸಿ. ನಮ್ಮ ಕಥೆಯನ್ನೇ ಇಬ್ಬರು ಲೇಖಕರು ಎರಡು ಬಗೆಯಲ್ಲಿ ಬರೆದಿದ್ದಾರೆ ಎಂದುಕೊಳ್ಳಿ. ಮೊದಲನೆಯ ಬರಹದ ವಾಕ್ಯ ಹೀಗಿರುತ್ತದೆ: ‘ಯಾಕೆಂದರೆ ಬೆಳಗಾವಿ ಬಸ್ ನಿಲ್ದಾಣದಲ್ಲಿ ಅವನು ಬೇರೊಬ್ಬ ಹುಡುಗಿಯ ಜತೆ ನಗುತ್ತಾ ನಿಂತದ್ದನ್ನು ಅವಳು ನೋಡಿದಳು.’ ಆ ಹುಡುಗಿ ಅವನ ಕಾಕಾನ ಮಗಳು ಎಂಬುದು ಶಿವಲೀಲಾಗೆ ಗೊತ್ತಾಗುವುದು 280ನೇ ಪುಟದಲ್ಲಿ. ಎರಡನೆಯ ಬರಹದ ವಾಕ್ಯ: ‘ಯಾಕೆಂದರೆ ಅವನ ಅಪ್ಪ ಬೀಗನಾದರೆ ಅವನ ಸಾಕ್ಷಿಯ ತೂಕ ಕಡಿಮೆಯಾಗಿ ಕೇಸು ಬಿದ್ದುಹೋಗುತ್ತದೆ ಎಂದು ಬಸಪ್ಪ ಹೆದರಿದ್ದಾನೆ.’

ವಾಕ್ಯದಲ್ಲಿ ಮೂರು ಸಂಗತಿ ಇರಬೇಕು: ತಡೆಯುವವರು ಯಾರು, ಅವರ ಕೈಯಲ್ಲಿರುವ ಬಲ ಏನು, ಮೀರಿದರೆ ಯಾರಿಗೆ ಏನು ನಷ್ಟ. ‘ಯಾಕೆಂದರೆ ಮನೆಯವರು ಒಪ್ಪುವುದಿಲ್ಲ’, ‘ಯಾಕೆಂದರೆ ಜಾತಿ ಬೇರೆ’ ಎಂದು ಬರೆದು ಪೆನ್ಸಿಲ್ಲು ಕೆಳಗಿಟ್ಟರೆ ಈ ಹಂತ ಮುಗಿದಿಲ್ಲ. ಹೆಚ್ಚಿನ ಓದುಗರು, ವಿಮರ್ಶಕರೂ ಎಡವುವುದು ಇಲ್ಲೇ. ಜಾತಿಯ ಅಡ್ಡಿ ಊರಲ್ಲಿ ನಿಜವಾಗಿಯೂ ಇದೆ, ಆದ್ದರಿಂದ ಕಾದಂಬರಿಯಲ್ಲೂ ನಂಬುವಂತಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ಊರಲ್ಲಿರುವುದು ಪುಟದ ಮೇಲೆ ತಾನಾಗಿ ಬಂದು ಕೂರುವುದಿಲ್ಲ. ಹುಡುಗಿ ಬಾಗಲಕೋಟೆಯಲ್ಲಿ ಸ್ವಂತ ಸಂಬಳದ ಮೇಲೆ ಇದ್ದಾಳೆ, ಅಪ್ಪನ ಆಸ್ತಿಯ ಆಸೆ ಇಲ್ಲ, ತಂಗಿಯ ಮದುವೆಯ ಚಿಂತೆ ಇಲ್ಲ, ಅಪ್ಪ ಕೂಗಾಡಿ ಸುಮ್ಮನಾಗುವ ಮನುಷ್ಯ. ಹೀಗೆಂದು ಲೇಖಕರೇ ಬರೆದಿದ್ದರೆ, ಆ ಅಪ್ಪನ ‘ಬ್ಯಾಡ’ ಎಂಬ ಒಂದು ಮಾತಿಗೆ ಅವಳು ಹತ್ತು ವರ್ಷ ಕಾಯುವುದನ್ನು ನಂಬಲು ಬೇರೆ ಕಾರಣ ಕೊಡಬೇಕಾಗುತ್ತದೆ. ಅದೇ ಅಪ್ಪ ಮಾತೇ ಆಡದೆ ಊಟ ಬಿಟ್ಟು ಮಲಗುವವನಾಗಿದ್ದು, ಅವನಿಗೆ ಸಕ್ಕರೆ ಕಾಯಿಲೆಯೂ ಇದ್ದರೆ, ಜಾತಿ ಎಂಬ ದೊಡ್ಡ ಹೆಸರು ಒಂದು ಮನೆಯೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಕಾಣಿಸಿತು.

ಹಂತ 2: ಮಾತಾಡುವ ಅವಕಾಶಗಳನ್ನು ಎಣಿಸಿ

ಅಡ್ಡಿ ಶುರುವಾದ ಪುಟದಿಂದ ಅದು ಕರಗುವ ಪುಟದವರೆಗೆ ಇಬ್ಬರೂ ಎದುರಾಗುವ, ಫೋನು ಮಾಡಬಹುದಾದ, ಮೂರನೆಯವರ ಕೈಲಿ ಹೇಳಿ ಕಳಿಸಬಹುದಾದ ಪ್ರತಿ ಸಂದರ್ಭಕ್ಕೂ ಅಂಚಿನಲ್ಲಿ ಗೆರೆ ಹಾಕಿ. ಮಾತು ಯಾಕೆ ಆಗಲಿಲ್ಲ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಕಾರಣ ಎರಡು ಕಡೆಯಿಂದ ಬರಬಹುದು, ಹೊರಗಿನಿಂದ ಅಥವಾ ಪಾತ್ರದ ಒಳಗಿನಿಂದ.

ಮೊದಲ ಬರಹದಲ್ಲಿ ನಾಲ್ಕು ಗೆರೆ ಬಿದ್ದವು ಎನ್ನೋಣ. ಒಮ್ಮೆ ಬಸ್ಸು ಹೊರಟುಬಿಟ್ಟಿತು. ಒಮ್ಮೆ ಅವ್ವ ಒಳಗಿನಿಂದ ಕರೆದಳು. ಒಮ್ಮೆ ಎಸ್.ಟಿ.ಡಿ. ಬೂತಿನ ಲೈನು ಕಡಿಯಿತು. ಒಮ್ಮೆ ಅವನು ‘ನಾ ಒಂದ್ ಮಾತ ಹೇಳಬೇಕು’ ಎನ್ನುವಷ್ಟರಲ್ಲಿ ಅವಳು ಅಳುತ್ತಾ ಓಡಿದಳು. ಮೊದಲ ಮೂರು ತಡೆಗಳು ಹೊರಗಿನವು. ಇಂಥದ್ದು ಒಂದು ಇದ್ದರೆ ಕ್ಷಮಿಸಬಹುದು, ಬದುಕಿನಲ್ಲೂ ಬಸ್ಸು ಹೊರಡುತ್ತದೆ. ಎರಡನೆಯದಕ್ಕೆ ಅನುಮಾನ ಹುಟ್ಟಬೇಕು. ಮೂರನೆಯದರ ಹೊತ್ತಿಗೆ ಬಸ್ಸು ಬಿಡುತ್ತಿರುವವನು ಡ್ರೈವರ್ ಅಲ್ಲ, ಲೇಖಕ. ಕಥೆಯ ಕಾಲವನ್ನೂ ಇಲ್ಲಿ ನೋಡಬೇಕು. 2004ರಲ್ಲಿ ಬೂತಿನ ಲೈನು ಕಡಿದರೆ ಒಂದು ವಾರ ಸುದ್ದಿಯಿಲ್ಲದೆ ಹೋಗುವುದು ಸಹಜ. ಇದೇ ಕಥೆಯನ್ನು ಇಂದಿಗೆ ತಂದರೆ, ಕೈಯಲ್ಲಿ ವಾಟ್ಸ್‌ಆ್ಯಪ್ ಇರುವ ಇಬ್ಬರ ನಡುವೆ ಮೌನವನ್ನು ಉಳಿಸಲು ಅವಳು ಅವನ ನಂಬರನ್ನು ಬ್ಲಾಕ್ ಮಾಡಬೇಕು. ಬ್ಲಾಕ್ ಮಾಡುವುದು ತಾನಾಗಿ ಆಗುವ ಅವಘಡವಲ್ಲ, ಅವಳು ತೆಗೆದುಕೊಳ್ಳುವ ನಿರ್ಧಾರ. ಅದಕ್ಕೆ ಅವಳ ಸ್ವಭಾವದಲ್ಲಿ ಕಾರಣ ಬೇಕು.

ನಾಲ್ಕನೆಯ ಗೆರೆ ಮಾತ್ರ ಒಳಗಿನದು. ತಪ್ಪು ತಿಳಿವಳಿಕೆಯ ಕಥೆಗಳೆಲ್ಲ ಪೊಳ್ಳು ಎಂದು ಹೇಳಲಾಗದ್ದು ಇಂಥ ಗೆರೆಗಳಿಂದಲೇ. ಕೇಳುವುದಕ್ಕೇ ಬೆಲೆ ತೆರಬೇಕಾದರೆ ಕೇಳದೆ ಇರುವುದು ನಂಬುವಂತಾಗುತ್ತದೆ. ಶಿವಲೀಲಾಳ ಅಕ್ಕ ನಿಶ್ಚಯವಾದ ಗಂಡನ್ನು ‘ನಿಮಗ ಬ್ಯಾರೆ ಯಾರರ ಅದಾರೇನ್ರಿ’ ಎಂದು ಕೇಳಿದ್ದಕ್ಕೆ ಸಂಬಂಧ ಮುರಿದು, ಊರೆಲ್ಲ ಅವಳನ್ನೇ ಬೈದದ್ದು 30ನೇ ಪುಟದಲ್ಲಿ ಬಂದಿದ್ದರೆ, ಬಸ್ ನಿಲ್ದಾಣದ ದೃಶ್ಯದ ನಂತರ ಇವಳ ಬಾಯಿ ಕಟ್ಟುವುದು ನಮಗೆ ಅರ್ಥವಾಗುತ್ತದೆ. ಆ ಪುಟ ಇಲ್ಲದಿದ್ದರೆ ಅವಳ ಓಟ ಬರೀ ಪುಟ ಹೆಚ್ಚಿಸುವ ಓಟ.

ಎರಡನೆಯ ಬರಹವನ್ನು ಇದೇ ಹಂತಕ್ಕೆ ಒಡ್ಡಿದರೆ ಬೇರೆಯೇ ಫಲಿತಾಂಶ. ಶಿವಲೀಲಾ, ಮಲ್ಲಿಕಾರ್ಜುನ ದಿನವೂ ಮಾತಾಡಲಿ, ಒಬ್ಬರಿಗೊಬ್ಬರು ಎಲ್ಲವನ್ನೂ ಹೇಳಿಕೊಳ್ಳಲಿ. ಅಡ್ಡಿ ಅಲುಗುವುದಿಲ್ಲ. ಬಾವಿ ನೀರಿನಡಿಯೇ ಇರುತ್ತದೆ.

ಹಂತ 3: ಹೊರದಾರಿಗಳನ್ನು ಪಟ್ಟಿ ಮಾಡಿ

ಮಾತಿನಿಂದ ಕರಗದ ಅಡ್ಡಿಯೂ ಪೊಳ್ಳಾಗಿರಬಹುದು, ಪಕ್ಕದಲ್ಲೇ ತೆರೆದ ದಾರಿಯಿದ್ದು ಯಾರೂ ಅತ್ತ ನೋಡದಿದ್ದರೆ. ಒಬ್ಬ ಜಾಣ ಗೆಳತಿ ಆ ಹುಡುಗಿಗೆ ಕೊಡಬಹುದಾದ ಮೂರು ಸಲಹೆ ಬರೆಯಿರಿ. ಕಾದಂಬರಿ ಪ್ರತಿಯೊಂದಕ್ಕೂ ಉತ್ತರ ಕೊಟ್ಟಿದೆಯೇ, ಯಾವ ಪುಟದಲ್ಲಿ, ಎಂದು ಹುಡುಕಿ.

‘ಕೇಸು ಮುಗಿಯೋ ತನಕ ತಡಿ’ ಎಂಬುದು ಮೊದಲ ಸಲಹೆ. ಒಳ್ಳೆಯ ಸಲಹೆಯೇ. ಆದ್ದರಿಂದ ತಡೆಯಲಾಗದ ಕಾರಣವನ್ನು ಲೇಖಕ ತೋರಿಸಬೇಕು. ಕೇಸು ತಾರೀಖಿನಿಂದ ತಾರೀಖಿಗೆ ಮುಂದೆ ಹೋಗುತ್ತಿದೆ, ಇತ್ತ ಮನೆಯಲ್ಲಿ ಬೇರೆ ಗಂಡು ನೋಡುತ್ತಿದ್ದಾರೆ ಎಂಬಿಷ್ಟು ಸಾಕು, ಆದರೆ ಅದು ದೃಶ್ಯವಾಗಿ ಬರಬೇಕು.

ಓಡಿಹೋಗಿ ರಿಜಿಸ್ಟರ್ ಮದುವೆಯಾಗುವುದು ಎರಡನೆಯದು. ಕಾದಂಬರಿಗಳು ಅತಿ ಹೆಚ್ಚು ತಪ್ಪುವ ಜಾಗ ಇದು. ‘ಮೂವತ್ತು ದಿನದ ನೋಟಿಸ್ ಅಂಟಿಸುತ್ತಾರೆ, ಮನೆಯವರಿಗೆ ಗೊತ್ತಾಗುತ್ತದೆ’ ಎಂದು ಬರೆದು ದಾರಿ ಮುಚ್ಚುತ್ತಾರೆ. ಆ ನೋಟಿಸ್ 1954ರ ವಿಶೇಷ ವಿವಾಹ ಕಾಯ್ದೆಯದು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಮೂವತ್ತು ದಿನ ನೆಲೆಸಿರಬೇಕು, ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಬೇಕು, ಮೂವತ್ತು ದಿನದೊಳಗೆ ಯಾರಾದರೂ ಆಕ್ಷೇಪ ಸಲ್ಲಿಸಬಹುದು. ಬೇರೆ ಬೇರೆ ಧರ್ಮದ ಇಬ್ಬರ ಕಥೆಯಲ್ಲಿ, ಸಣ್ಣ ಊರಿನಲ್ಲಿ, ಇದು ಗಟ್ಟಿ ಅಡ್ಡಿಯೇ. ಆದರೆ ನಮ್ಮ ಇಬ್ಬರೂ ಲಿಂಗಾಯತರಾಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆ ಅವರಿಗೆ ಅನ್ವಯಿಸುತ್ತದೆ. ಗುಡಿಯಲ್ಲಿ ಶಾಸ್ತ್ರದ ಪ್ರಕಾರ ಮದುವೆಯಾಗಿ ಆಮೇಲೆ ನೋಂದಾಯಿಸಬಹುದು, ಅಲ್ಲಿ ಆ ನೋಟಿಸಿನ ಮಾತೇ ಇಲ್ಲ. ಜಾತಿ ಬೇರೆಯಾದರೂ ಇಬ್ಬರೂ ಹಿಂದೂಗಳಾದರೆ ಹೀಗೆಯೇ. ಹಾಗಾಗಿ ಇಂಥ ಜೋಡಿಯನ್ನು ನೋಟಿಸಿನ ಹೆಸರಲ್ಲಿ ಕಟ್ಟಿಹಾಕಿದ ಲೇಖಕ ಅಡ್ಡಿಯನ್ನು ಹೊರಗಿನಿಂದ ತಂದಿಟ್ಟಿದ್ದಾನೆ. ನಮ್ಮ ಎರಡನೆಯ ಬರಹದಲ್ಲಿ ಓಡಿಹೋಗುವ ದಾರಿ ಮುಚ್ಚುವುದು ಬೇರೆ ಕಾರಣಕ್ಕೆ: ಗುಟ್ಟಾಗಿ ಮದುವೆಯಾದರೂ ಗುರಪ್ಪ ಬೀಗನೇ ಆಗುತ್ತಾನೆ. ಅಡ್ಡಿ ಮದುವೆಯ ದಿನದ್ದಲ್ಲ, ಸಂಬಂಧದ್ದು.

ಮೂರನೆಯ ಸಲಹೆ: ವಕೀಲರನ್ನೇ ಕೇಳಿ. ಕೇಳಿದರೆ ಅವರು ಹೇಳುವುದು ಬಸಪ್ಪನ ಭಯಕ್ಕಿಂತ ಸೌಮ್ಯವಾಗಿರುತ್ತದೆ. ನಂಟನ ಸಾಕ್ಷಿ ಎಂಬ ಒಂದೇ ಕಾರಣಕ್ಕೆ ನ್ಯಾಯಾಲಯ ಅದನ್ನು ತಳ್ಳಿಹಾಕುವುದಿಲ್ಲ, ಹೆಚ್ಚು ಎಚ್ಚರದಿಂದ ತೂಗಿ ನೋಡುತ್ತದೆ. ‘ಬೀಗನ ಸಾಕ್ಷಿ ಕಾನೂನಿನಲ್ಲಿ ನಡೆಯೋದೇ ಇಲ್ಲ’ ಎಂದು ಕಾದಂಬರಿಯ ವಕೀಲ ಹೇಳಿದರೆ ಅಡ್ಡಿ ಸುಳ್ಳಿನ ಮೇಲೆ ನಿಂತಿದೆ. ‘ನಡೀತೈತಿ, ಆದ್ರ ಎದುರಿನ ವಕೀಲ ಸುಮ್ನ ಬಿಡೂದಿಲ್ಲ’ ಎಂದರೆ ಅಡ್ಡಿ ಕಾನೂನಿನಿಂದ ಬಸಪ್ಪನ ಎದೆಯೊಳಕ್ಕೆ ಸರಿಯಿತು. ಒಮ್ಮೆ ಹೊಲ ಕಳೆದುಕೊಂಡವನು ಇನ್ನೊಂದು ಸಣ್ಣ ಅಪಾಯಕ್ಕೂ ತಯಾರಿಲ್ಲ. ನನ್ನ ಲೆಕ್ಕದಲ್ಲಿ ಇದೇ ಹೆಚ್ಚು ಗಟ್ಟಿ, ಏಕೆಂದರೆ ವಕೀಲ ಎಷ್ಟು ಧೈರ್ಯ ಹೇಳಿದರೂ ಆ ಭಯ ಹೋಗುವುದಿಲ್ಲ, ಮಗಳಿಗೆ ಅಪ್ಪನ ಮೇಲೆ ಸಿಟ್ಟು ಮಾಡುವುದೂ ಸುಲಭವಾಗುವುದಿಲ್ಲ.

ಹಂತ 4: ಬೇರು ಎಲ್ಲಿದೆ ನೋಡಿ

ಅಡ್ಡಿಯ ಮೊದಲ ಸುಳಿವು ಯಾವ ಪುಟದಲ್ಲಿದೆ? ಮುನ್ನೂರು ಪುಟದಲ್ಲಿ ಎಪ್ಪತ್ತೈದನೆಯದರೊಳಗೆ ಇದ್ದರೆ ಚಿಂತೆಯಿಲ್ಲ. ಪ್ರೀತಿ ಚೆಂದವಾಗಿ ಸಾಗಿ, 150ರಲ್ಲಿ ಇದ್ದಕ್ಕಿದ್ದಂತೆ ಹಳೆಯ ವೈರವೋ, ಮರೆಸಿಟ್ಟ ಬಾಲ್ಯವಿವಾಹವೋ ಹೊರಬಿದ್ದರೆ ಹಿಂದಿನ ಪುಟಗಳಿಗೆ ಮರಳಿ. ಗೊತ್ತಿದ್ದವರ ವರ್ತನೆಯಲ್ಲಿ ಆಗಲೇ ಏನಾದರೂ ಅಳುಕು ಇತ್ತೇ? ಇದ್ದರೆ ಸರಿ. ಇಲ್ಲದಿದ್ದರೆ ಪ್ರೀತಿ ಬೇಗ ಮುಗಿದುಹೋಯಿತೆಂದು ಲೇಖಕ ಗಾಬರಿಯಾಗಿದ್ದಾನೆ.

ಹಂತ 5: ಅಡ್ಡಿ ತೆಗೆದವರು ಯಾರು, ಕೊಟ್ಟ ಬೆಲೆ ಎಷ್ಟು

ಗಟ್ಟಿಯಾಗಿ ಕಟ್ಟಿದ ಅಡ್ಡಿಯನ್ನೂ ಕೊನೆಯ ಇಪ್ಪತ್ತು ಪುಟ ಪೊಳ್ಳು ಮಾಡಬಲ್ಲವು. 290ನೇ ಪುಟದಲ್ಲಿ ಬಸಪ್ಪನ ಪರವಾಗಿ ತೀರ್ಪು ಬಂದು, ಮರುದಿನವೇ ಅಕ್ಕಿಕಾಳು ಬಿದ್ದರೆ, ಅಡ್ಡಿ ತೆಗೆದದ್ದು ನ್ಯಾಯಾಧೀಶರು. ಪ್ರೇಮಿಗಳು ಏನೂ ಮಾಡಲಿಲ್ಲ, ಸುಮ್ಮನೆ ಕೂತರು. ವಿರೋಧಿಸುತ್ತಿದ್ದ ಅಪ್ಪ ಹೃದಯಾಘಾತದಿಂದ ತೀರಿಕೊಳ್ಳುವುದು, ಖಳ ಅಪಘಾತದಲ್ಲಿ ಸಾಯುವುದು, ಎರಡನೆಯ ಹುಡುಗಿ ತಾನಾಗಿ ತ್ಯಾಗ ಮಾಡುವುದು ಎಲ್ಲ ಇದೇ ಜಾತಿಯವು.

ಹೋಲಿಸಲು ಇನ್ನೊಂದು ಮುಕ್ತಾಯ ನೋಡಿ. ಶಿವಲೀಲಾ ಅಪ್ಪನ ಜತೆ ವಕೀಲರ ಹತ್ತಿರ ಹೋಗುತ್ತಾಳೆ. ಸಂಬಂಧವನ್ನು ಮುಚ್ಚಿಡದೆ ನ್ಯಾಯಾಲಯದಲ್ಲಿ ಮೊದಲೇ ಹೇಳಿ, ಪಾಟೀ ಸವಾಲನ್ನು ಎದುರಿಸುವುದೆಂದು ತೀರ್ಮಾನವಾಗುತ್ತದೆ. ಗುರಪ್ಪ ಕಟಕಟೆಯಲ್ಲಿ ನಿಂತು ‘ಹೌದ್ರೀ, ನನ್ನ ಮಗನ ಮಾವ ಅವ್ರು. ಬಾವಿನೂ ಇತ್ರೀ’ ಎನ್ನುತ್ತಾನೆ. ಪರಿಹಾರ ಪೂರ್ತಿ ಸಿಗದೆ ಹೋಗಬಹುದು, ಆ ನಷ್ಟವನ್ನು ಬಸಪ್ಪ ತಿಳಿದೇ ಒಪ್ಪಿದ್ದಾನೆ. ಹಂತ 1ರಲ್ಲಿ ಬರೆದ ವಾಕ್ಯದ ‘ಯಾರಿಗೆ ಏನು ನಷ್ಟ’ ಎಂಬ ಭಾಗವೂ ಈ ಮುಕ್ತಾಯದ ಬೆಲೆಯೂ ತಾಳೆಯಾಗುತ್ತವೆಯೇ ಎಂದು ಹಾಳೆಯಲ್ಲಿ ಹೋಲಿಸಿ. ತಾಳೆಯಾಗದಿದ್ದರೆ, ಉದಾಹರಣೆಗೆ ಕೇಸಿನ ಭಯದಿಂದ ಶುರುವಾದ ಅಡ್ಡಿ ಕೊನೆಗೆ ಅವ್ವನ ಕಣ್ಣೀರಿನಿಂದ ಕರಗಿದರೆ, ನಡುವೆ ಎಲ್ಲೋ ಅಡ್ಡಿ ಬದಲಾಗಿದೆ. ಆ ಪುಟವನ್ನು ಹುಡುಕಿ.

ಒಂದು ಬಗೆಯ ಪುಸ್ತಕಕ್ಕೆ ಈ ಹಂತಗಳನ್ನು ಹಚ್ಚಬಾರದು. ಹೆಸರು ಅದಲುಬದಲಾಗಿ, ತಪ್ಪು ಮನೆಗೆ ಹೆಣ್ಣು ನೋಡಲು ಹೋಗುವಂಥ ನಗೆ ಕಾದಂಬರಿಯಲ್ಲಿ ಅಡ್ಡಿ ತಂದಿಟ್ಟದ್ದೆಂದು ಲೇಖಕನೇ ಮೊದಲ ಪುಟದಲ್ಲಿ ಕಣ್ಣು ಮಿಟುಕಿಸಿ ಹೇಳಿರುತ್ತಾನೆ. ಅಲ್ಲಿ ಬಸ್ಸು ಮೂರು ಸಲ ಹೊರಟರೂ ತಪ್ಪಿಲ್ಲ. ಆದರೆ ಮೂರನೆಯ ಸಲ ನಗು ಬರಬೇಕು.