ತಪ್ಪು ಯುಐಡಿಗೆ ಹೋದ ಕ್ರಿಪ್ಟೊ: ಸಪೋರ್ಟ್‌ನವರ ಕೈಯಲ್ಲಿ ಏನಿದೆ, ಏನಿಲ್ಲ

ಒಂದೇ ಎಕ್ಸ್‌ಚೇಂಜ್‌ನಲ್ಲಿ ಖಾತೆ ಇರುವ ಇಬ್ಬರ ನಡುವೆ ಯುಐಡಿ, ಅಂದರೆ ಎಕ್ಸ್‌ಚೇಂಜ್ ಪ್ರತಿ ಖಾತೆಗೂ ಕೊಡುವ ಗುರುತಿನ ಸಂಖ್ಯೆ, ಹಾಕಿ ಕ್ರಿಪ್ಟೊ ಕಳಿಸಿದರೆ ಅದು ಬ್ಲಾಕ್‌ಚೈನ್‌ಗೆ ಇಳಿಯುವುದೇ ಇಲ್ಲ. ಎಕ್ಸ್‌ಚೇಂಜ್ ತನ್ನ ಲೆಕ್ಕದಲ್ಲಿ ಒಬ್ಬರ ಖಾತೆಯಿಂದ ಕಳೆದು ಇನ್ನೊಬ್ಬರ ಖಾತೆಗೆ ಸೇರಿಸುತ್ತದೆ, ಅಷ್ಟೆ. ಹಾಗಾಗಿಯೇ ಸಾಮಾನ್ಯವಾಗಿ ಶುಲ್ಕವಿರುವುದಿಲ್ಲ, ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ತಪ್ಪಾದಾಗ ಕಷ್ಟ ಕೊಡುವುದೂ ಈ ವೇಗವೇ.

ಒಂದು ಉದಾಹರಣೆ ನೋಡೋಣ. 48231907 ಎಂಬ ಯುಐಡಿಗೆ, ಡಾಲರ್ ಬೆಲೆಗೆ ಹೊಂದಿಸಿದ ಕ್ರಿಪ್ಟೊ ಆದ USDT, 250 ಹೋಗಬೇಕಿತ್ತು. ಕೈಯಲ್ಲಿ ಟೈಪ್ ಮಾಡುವಾಗ 48213907 ಆಯಿತು. ನಡುವಿನ 3 ಮತ್ತು 1 ಅದಲುಬದಲಾಗಿವೆ. ಬಿಟ್‌ಕಾಯಿನ್ ವಿಳಾಸದಲ್ಲಿ ಇಂಥ ತಪ್ಪಾದರೆ ವ್ಯಾಲೆಟ್ ಹೆಚ್ಚುಕಮ್ಮಿ ಖಂಡಿತ ತಡೆಯುತ್ತದೆ, ಏಕೆಂದರೆ ವಿಳಾಸದೊಳಗೇ ತಾಳೆ ನೋಡುವ ಅಕ್ಷರಗಳಿರುತ್ತವೆ. ಯುಐಡಿ ಸಾಮಾನ್ಯವಾಗಿ ಬರೀ ಅಂಕಿಗಳ ಸಾಲು. ಆ ಸಂಖ್ಯೆಯ ಖಾತೆ ಇಲ್ಲದಿದ್ದರೆ ಆ್ಯಪ್ ವರ್ಗಾವಣೆಯನ್ನೇ ನಿರಾಕರಿಸುತ್ತದೆ. ಇದ್ದರೆ ಹಣ ನೇರವಾಗಿ ಅಪರಿಚಿತರ ಖಾತೆಗೆ ಹೋಗುತ್ತದೆ.

ಗೊತ್ತಾದ ತಕ್ಷಣ ವರ್ಗಾವಣೆಯ ಇತಿಹಾಸ ತೆರೆದು ಸ್ಥಿತಿ ನೋಡಿ. ‘Pending’ ಎಂದಿದ್ದು ರದ್ದು ಮಾಡುವ ಗುಂಡಿ ಕಾಣಿಸಿದರೆ ಮೊದಲು ಅದನ್ನು ಒತ್ತಿ. ‘Completed’ ಎಂದಿದ್ದರೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅಲ್ಲಿ ಬ್ಲಾಕ್‌ಚೈನ್‌ನ ವಹಿವಾಟು ಸಂಖ್ಯೆಯಾದ TXID ಹುಡುಕಬೇಡಿ, ಇರುವುದಿಲ್ಲ. ಎಕ್ಸ್‌ಚೇಂಜ್‌ನದೇ ಆದ ವರ್ಗಾವಣೆ ಸಂಖ್ಯೆ ಇರುತ್ತದೆ, ಬೇಕಿರುವುದು ಅದೇ.

ಆಮೇಲೆ ಆ್ಯಪ್‌ನ ಒಳಗಿನಿಂದಲೇ ಟಿಕೆಟ್ ಹಾಕಿ. ಹೀಗೆ ಬರೆದರೆ ಸಾಕು: “ನನ್ನ ಯುಐಡಿ ಇಂಥದ್ದು. 48231907ಗೆ ಕಳಿಸಬೇಕಿದ್ದ 250 USDT ಅನ್ನು ತಪ್ಪಾಗಿ 48213907ಗೆ ಕಳಿಸಿದ್ದೇನೆ. ವರ್ಗಾವಣೆ ಸಂಖ್ಯೆ ಇದು, ಸಮಯ ಇದು. ಸರಿಯಾದ ಯುಐಡಿಗೆ ಹಿಂದೆ ಕಳಿಸಿದ ದಾಖಲೆ ಲಗತ್ತಿಸಿದ್ದೇನೆ. ಪಡೆದವರನ್ನು ಸಂಪರ್ಕಿಸಿ ವಾಪಸ್ ಕೇಳಿ.” ಸಮಯದ ಜೊತೆ ಅದು ಸ್ಥಳೀಯ ಸಮಯವೋ ಯುಟಿಸಿಯೋ ಎಂದು ತಿಳಿಸಿ. ಬೇಗ ಗಮನಿಸಲಿ ಎಂದು “ಖಾತೆ ಹ್ಯಾಕ್ ಆಗಿದೆ” ಎಂದು ಬರೆಯಲೇಬೇಡಿ. ಆಗ ನಿಮ್ಮದೇ ಖಾತೆಗೆ ಬೀಗ ಬೀಳಬಹುದು, ದೂರು ಬೇರೆ ವಿಭಾಗಕ್ಕೆ ಹೋಗುತ್ತದೆ.

ಸಪೋರ್ಟ್‌ನವರು ವರ್ಗಾವಣೆ ನಡೆದದ್ದನ್ನು ಖಚಿತಪಡಿಸಿಕೊಂಡು, ಪಡೆದವರಿಗೆ ಸಂದೇಶ ಕಳಿಸಿ ಒಪ್ಪಿಗೆ ಕೇಳಬಹುದು. ಅವರು ಒಪ್ಪಿದರೆ ಹಣ ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಎಲ್ಲ ಎಕ್ಸ್‌ಚೇಂಜ್‌ಗಳೂ ಇಷ್ಟನ್ನೂ ಮಾಡುತ್ತವೆ ಎಂದಿಲ್ಲ. ಪೂರ್ಣಗೊಂಡ ವರ್ಗಾವಣೆಯ ಹೊಣೆ ಕಳಿಸಿದವರದೇ ಎಂದು ನಿಯಮಗಳಲ್ಲಿ ಬರೆದಿಟ್ಟವು ಬಹಳ ಇವೆ.

“ಲೆಕ್ಕ ಅವರ ಕೈಯಲ್ಲೇ ಇದೆಯಲ್ಲ, ತಿದ್ದಿ ಕೊಡಲು ಏನು ಕಷ್ಟ?” ಎಂದು ಸಿಟ್ಟು ಬರುವುದು ಸಹಜ. ತಾಂತ್ರಿಕವಾಗಿ ಕಷ್ಟವಿಲ್ಲ. ಆದರೆ ಕಳಿಸಿದವರ ಮಾತೊಂದನ್ನೇ ನಂಬಿ ವಾಪಸ್ ಮಾಡಿದರೆ ಏನಾಗುತ್ತದೆ ನೋಡಿ: ಒಬ್ಬರು ಸರಕು ಪಡೆದು 250 USDT ಕೊಡುತ್ತಾರೆ, ಮರುಗಳಿಗೆ “ತಪ್ಪಾಗಿ ಹೋಯಿತು” ಎಂದು ಟಿಕೆಟ್ ಹಾಕುತ್ತಾರೆ. ಮಾರಿದವರಿಗೆ ಸರಕೂ ಇಲ್ಲ, ಹಣವೂ ಇಲ್ಲ. ನಿಜವಾದ ತಪ್ಪನ್ನೂ ಈ ಮೋಸವನ್ನೂ ಸಪೋರ್ಟ್‌ನ ಪರದೆಯ ಮೇಲೆ ಬೇರ್ಪಡಿಸುವುದು ಸುಲಭವಲ್ಲ. ಅದಕ್ಕೇ ಹಳೆಯ ವರ್ಗಾವಣೆಯ ದಾಖಲೆಗೆ ಇಷ್ಟು ಬೆಲೆ. ಸರಿಯಾದ ಯುಐಡಿಗೆ ಮೊದಲೂ ಕಳಿಸಿದ್ದೀರಿ, ಎರಡು ಅಂಕಿ ಮಾತ್ರ ಅದಲುಬದಲಾಗಿವೆ, ಈ ಅಪರಿಚಿತ ಖಾತೆಯೊಂದಿಗೆ ಹಿಂದೆಂದೂ ವ್ಯವಹಾರವಿಲ್ಲ ಎಂಬ ಮೂರೂ ಒಟ್ಟಿಗೆ ಕಂಡರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಪಡೆದವರ ಹೆಸರು, ಫೋನ್ ನಂಬರ್ ಕೇಳಿದರೆ ಕೊಡುವುದಿಲ್ಲ. ಪಡೆದವರು ಉತ್ತರಿಸದಿದ್ದರೆ, ಇಲ್ಲವೆ ಹಣ ಕೊಡುವುದಿಲ್ಲ ಎಂದರೆ, ಉಳಿಯುವುದು ಪೊಲೀಸ್ ದೂರು ಅಥವಾ ನ್ಯಾಯಾಲಯ. ಗುರುತಿನ ವಿವರ ಕೊಡುವುದು, ಖಾತೆ ತಡೆಹಿಡಿಯುವುದು ಇವೆಲ್ಲ ಸಾಮಾನ್ಯವಾಗಿ ಅಧಿಕೃತ ಕೋರಿಕೆ ಬಂದ ಮೇಲಿನ ಮಾತು. ಅಷ್ಟರಲ್ಲಿ ಅವರು ಹಣವನ್ನು ಹೊರಗಿನ ವ್ಯಾಲೆಟ್‌ಗೆ ಸಾಗಿಸಿದ್ದರೆ ಎಕ್ಸ್‌ಚೇಂಜ್ ಅದನ್ನು ಹಿಂದಕ್ಕೆ ಎಳೆಯಲಾಗದು. ಮೊದಲ ಗಂಟೆಯಲ್ಲೇ ಟಿಕೆಟ್ ಹಾಕಿ ಎನ್ನುವುದು ಇದಕ್ಕೇ.

ಇದನ್ನು ಬಹಿರಂಗವಾಗಿ ಪೋಸ್ಟ್ ಮಾಡಿದರೆ ‘ಸಪೋರ್ಟ್’ ಎಂಬ ಹೆಸರಿನಲ್ಲಿ ಯಾರಾದರೂ ಖಾಸಗಿ ಸಂದೇಶ ಕಳಿಸುವ ಸಾಧ್ಯತೆ ಹೆಚ್ಚು. ವಾಪಸ್ ಕೊಡಿಸಲು ಮುಂಗಡ ಶುಲ್ಕ, ಒಟಿಪಿ ಅಥವಾ ವ್ಯಾಲೆಟ್‌ನ ರಹಸ್ಯ ಪದಗಳನ್ನು ಕೇಳಿದವರು ಕಳ್ಳರೇ. ಉತ್ತರಕ್ಕೆ ಕಾಯಬೇಕಾದದ್ದು ನೀವು ಹಾಕಿದ ಟಿಕೆಟ್‌ನಲ್ಲಿ ಮಾತ್ರ.

ಮುಂದಿನ ಸಲ ಯುಐಡಿಯನ್ನು ಟೈಪ್ ಮಾಡದೆ, ಪಡೆಯುವವರಿಂದಲೇ ತರಿಸಿಕೊಂಡು ಅಂಟಿಸಿ. ದೃಢೀಕರಣದ ಪರದೆಯಲ್ಲಿ ಅಡ್ಡಹೆಸರೋ ಅರ್ಧ ಮರೆಮಾಡಿದ ಇಮೇಲೋ ಕಾಣಿಸಿದರೆ ಅವರಿಗೆ ಓದಿ ಹೇಳಿ. ಶುಲ್ಕವಿಲ್ಲದ ಕಡೆ ಪರೀಕ್ಷೆಗೆ ಖರ್ಚೇನೂ ಇಲ್ಲ: ಮೊದಲು 1 USDT ಕಳಿಸಿ, ಬಂತೇ ಎಂದು ಕೇಳಿ, ಉಳಿದ 249 ಕಳಿಸುವಾಗ ಸಂಖ್ಯೆಯನ್ನು ಮತ್ತೆ ಹಾಕದೆ ಇತಿಹಾಸದಲ್ಲಿರುವ ಅದೇ ಹೆಸರನ್ನು ಆರಿಸಿಕೊಳ್ಳಿ.