ಹತ್ತಡಿ-ಹನ್ನೆರಡಡಿ ರೂಮಿಗೆ ಎಷ್ಟು ಇಟ್ಟಿಗೆ? ನನ್ನ ಲೆಕ್ಕ ಕೊನೆಗೂ ಕೂತಿತು

ಕಳೆದ ತಿಂಗಳು ಕೋಲಾರದ ಹತ್ತಿರ ಒಂದು ರೂಮು ಮುಗಿಸಿದೆ. 4,000 ಇಟ್ಟಿಗೆ ತರಿಸಿದ್ದೆ, ಉಳಿದದ್ದು ಅರವತ್ತು ಚಿಲ್ಲರೆ. ಸಿಮೆಂಟ್ 14 ಮೂಟೆ ತರಿಸಿದ್ದೆ, ಕೊನೆಯ ಮೂಟೆಯಲ್ಲಿ ಅರ್ಧ ಉಳಿಯಿತು. ಮನೆ ಯಜಮಾನರು ಮೊದಲ ದಿನವೇ, "ಇಷ್ಟೇ ಸಾಕಾ? ನಮ್ಮ ಭಾವನ ರೂಮಿಗೆ ಐದು ಸಾವಿರ ತಗೊಂಡಿದ್ರು" ಅಂತ ಅನುಮಾನಪಟ್ಟಿದ್ದರು. ನನಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿಯಂತೂ, "ಲೋ, ಮೊಬೈಲ್ ನೋಡ್ಕೊಂಡು ಗೋಡೆ ಕಟ್ಟಕ್ಕಾಗುತ್ತೇನೋ?" ಅಂದಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ಲೆಕ್ಕ ಸರಿಹೋಗಲು ನನಗೆ ಏಳೆಂಟು ವರ್ಷ ಹಿಡಿಯಿತು.

ಶುರುವಿನಲ್ಲಿ ನಾನೂ ಎಲ್ಲರ ಹಾಗೆಯೇ ಮಾಡುತ್ತಿದ್ದೆ. ಹೊರಗಿನ ಸುತ್ತಳತೆ, ಎತ್ತರ, ಮುಕ್ಕಾಲು ಅಡಿ ದಪ್ಪ ಗುಣಿಸಿ, ಘನ ಅಡಿಗೆ ಹದಿಮೂರೂವರೆ ಇಟ್ಟಿಗೆ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ರೂಮಿಗೆ ಹೊರ ಸುತ್ತಳತೆ 50 ಅಡಿ. ಲೆಕ್ಕ ಹಾಕಿದರೆ ಐದು ಸಾವಿರ ದಾಟುತ್ತದೆ. ಬಾಗಿಲು, ಕಿಟಕಿ, ಲಿಂಟಲ್ ಯಾವುದನ್ನೂ ಕಳೆಯುತ್ತಿರಲಿಲ್ಲ. ಮೂಲೆಗಳನ್ನು ಎರಡೆರಡು ಸಲ ಎಣಿಸುತ್ತಿದ್ದೆ. ಹಾಗೆ ಕಟ್ಟಿದ ಒಂದು ರೂಮಿನಲ್ಲಿ ಸುಮಾರು ಸಾವಿರ ಇಟ್ಟಿಗೆ ಉಳಿದವು. ಅರ್ಧ ಬೆಲೆಗೆ ಪಕ್ಕದವರಿಗೆ ಕೊಡಬೇಕಾಯಿತು. ಯಜಮಾನರು ನನ್ನ ಕೂಲಿಯಲ್ಲಿ ಮೂರು ಸಾವಿರ ಹಿಡಿದರು. ಅವರ ತಪ್ಪಿರಲಿಲ್ಲ.

ಆಮೇಲೆ ಹುಷಾರಾದೆ. ಗೋಡೆಯ ಮಧ್ಯದ ಗೆರೆ ಹಿಡಿದು ಅಳೆಯಲು ಶುರುಮಾಡಿದೆ. ಇದೇ ಅಳತೆಯ ರೂಮಿಗೆ 9 ಇಂಚಿನ ಗೋಡೆಯ ಮಧ್ಯದ ಗೆರೆ 47 ಅಡಿ ಬರುತ್ತದೆ. ಒಂದು ಬಾಗಿಲು, ಎರಡು ಕಿಟಕಿ, ಅರ್ಧ ಅಡಿ ಲಿಂಟಲ್ ಕಳೆದರೆ ಗೋಡೆ 295 ಘನ ಅಡಿ. ನಮ್ಮ ಇಟ್ಟಿಗೆಗೆ ಎಲ್ಲಾ ಕಡೆ ಅರ್ಧ ಇಂಚು ಗಾರೆ ಸೇರಿಸಿ ಭಾಗಿಸಿದರೆ ಘನ ಅಡಿಗೆ 12 ಚಿಲ್ಲರೆ. ಅಲ್ಲಿಗೆ 3,570. ಒಡೆಯುವುದಕ್ಕೆ ಸ್ವಲ್ಪ ಸೇರಿಸಿ 3,700 ತರಿಸಿದೆ. ಲೆಕ್ಕ ಪಕ್ಕಾ ಅಂತ ಧೈರ್ಯವಾಗಿದ್ದೆ.

ಕೊನೆಯ ಎರಡು ವರಸೆ ಬಾಕಿ ಇರುವಾಗ ಇಟ್ಟಿಗೆ ಖಾಲಿ.

ಇನ್ನೂರು ಚಿಲ್ಲರೆ ಇಟ್ಟಿಗೆಗಾಗಿ ಯಾವ ಗೂಡಿನವರೂ ಲೋಡ್ ಕಳಿಸುವುದಿಲ್ಲ ಅಲ್ವಾ? ಬಿಡಿಯಾಗಿ, ಒಂದಕ್ಕೆ ಎರಡು ರೂಪಾಯಿ ಜಾಸ್ತಿ ಕೊಟ್ಟು, ಬೇರೆ ಕಡೆಯಿಂದ ತಂದೆ. ಅದು ಕಾಲಿಂಚು ತೆಳ್ಳಗಿತ್ತು. ಮೇಲಿನ ಎರಡು ವರಸೆಗೆ ದಪ್ಪ ಗಾರೆ ತುಂಬಿ ಮಟ್ಟ ಮಾಡಬೇಕಾಯಿತು. ಇಬ್ಬರು ಗಾರೆಯವರು, ಇಬ್ಬರು ಆಳುಗಳು ಒಂದು ದಿನ ಸುಮ್ನೆ ಕೂತರು. ಒಟ್ಟು ಸೇರಿ ನಾಲ್ಕು ಸಾವಿರದಷ್ಟು ಕೈಬಿಟ್ಟಿತು.

ಎಲ್ಲಿ ತಪ್ಪಿತು ಅನ್ನುವುದು ಎರಡು ತಿಂಗಳು ತಲೆ ತಿಂದಿತು. ಕೊನೆಗೆ ಮನೆಯ ಹಿಂದೆ 4 ಅಡಿ ಉದ್ದ, 3 ಅಡಿ ಎತ್ತರದ ಒಂದು ಮೋಟು ಗೋಡೆಯನ್ನು ಒಂದೊಂದೇ ಇಟ್ಟಿಗೆ ಎಣಿಸಿ ಕಟ್ಟಿದೆ. ಲೆಕ್ಕದ ಪ್ರಕಾರ 109 ಹಿಡಿಯಬೇಕಿತ್ತು. ಹಿಡಿದದ್ದು 114. ಗೋಡೆಯನ್ನು ಮೇಲಿನಿಂದ ನೋಡಿದಾಗ ಹೊಳೆಯಿತು. ಎರಡು ಇಟ್ಟಿಗೆ ಅಕ್ಕಪಕ್ಕ ಇಟ್ಟರೆ ನಡುವೆ ಒಂದೇ ಸಂದು. ಗೋಡೆಯ ಹೊರಮೈಗೆ ಸಂದು ಎಲ್ಲಿದೆ? ಆದರೆ ಘನ ಅಡಿ ಲೆಕ್ಕ ಪ್ರತಿ ಇಟ್ಟಿಗೆಗೂ ಅಗಲದಲ್ಲಿ ಅರ್ಧ ಇಂಚು ಗಾರೆ ಹಿಡಿಯುತ್ತದೆ. ನಾಲ್ಕೂಕಾಲು ಇಂಚಿನ ಎರಡು ಇಟ್ಟಿಗೆ, ನಡುವೆ ಅರ್ಧ ಇಂಚು: 9 ಇಂಚು. ಲೆಕ್ಕ ಮಾತ್ರ ಒಂಬತ್ತೂವರೆ ಅಂದುಕೊಳ್ಳುತ್ತದೆ. ಈ ಅರ್ಧ ಇಂಚಿಗೇ ನೂರಕ್ಕೆ ಐದು ಇಟ್ಟಿಗೆ ಕಮ್ಮಿ ಬರುತ್ತದೆ.

ಅವತ್ತಿನಿಂದ ಇಟ್ಟಿಗೆಗೆ ಘನ ಅಡಿ ಬಿಟ್ಟೆ. ಗೋಡೆಯ ಮುಖದ ಚದರಡಿ ಮಾತ್ರ ನೋಡುತ್ತೇನೆ. ಮೊಬೈಲಿನ ಎಕ್ಸೆಲ್‌ನಲ್ಲಿ ಇರುವುದು ಇಷ್ಟೇ:

```
=2*144/((8.75+0.5)*(2.75+0.5))
```

ಇಟ್ಟಿಗೆಯ ಉದ್ದ ಎಂಟೂಮುಕ್ಕಾಲು, ದಪ್ಪ ಎರಡೂಮುಕ್ಕಾಲು, ಸಂದು ಅರ್ಧ ಇಂಚು. ಚದರಡಿಗೆ 9.58 ಬರುತ್ತದೆ. ಅಡ್ಡ ಇಟ್ಟಿಗೆ ಇಡುವ ವರಸೆಗೆ ಸ್ವಲ್ಪ ಕಮ್ಮಿ ಸಾಕು, ಹಾಗಾಗಿ ಒಂಬತ್ತೂವರೆ ಹಿಡಿಯುತ್ತೇನೆ. ಈ ಅಂಕಿಯನ್ನು ಯಾರೂ ಹಾಗೇ ತಗೊಳ್ಳಬೇಡಿ. ಒಂದು ಗೂಡಿನ ಇಟ್ಟಿಗೆ ಇನ್ನೊಂದು ಗೂಡಿನದರ ಹಾಗೆ ಇರುವುದಿಲ್ಲ. ಮಾಲೂರು ಕಡೆ ಎರಡು ಗೂಡು ಸುತ್ತಿದರೆ ಸಾಕು, ಗೊತ್ತಾಗುತ್ತದೆ. ಲೋಡ್ ಹೇಳುವ ಮೊದಲು 20 ಇಟ್ಟಿಗೆ ಒಂದಕ್ಕೊಂದು ತಾಗಿಸಿ ಸಾಲಾಗಿಟ್ಟು ಟೇಪ್ ಹಿಡಿಯಿರಿ, ಇಪ್ಪತ್ತರಿಂದ ಭಾಗಿಸಿ. ಒಂದೇ ಇಟ್ಟಿಗೆ ಅಳೆದರೆ ಮೋಸ ಹೋಗುತ್ತೀರಿ. ಸಂದಿನ ಅಳತೆಗೆ ನಿಮ್ಮ ಗಾರೆಯವರು ಹಿಂದೆ ಕಟ್ಟಿದ ಗೋಡೆಯಲ್ಲಿ ಹತ್ತು ವರಸೆಯ ಎತ್ತರ ನೋಡಿ. ನಮ್ಮವರ ಕೈಯಲ್ಲಿ ಮೂವತ್ತೆರಡೂವರೆ ಇಂಚು ಬರುತ್ತದೆ. ಕೆಲವರ ಕೈ ಮುಕ್ಕಾಲು ಇಂಚು ಸಂದು ಬಿಡುತ್ತದೆ. ಅವರಿಗೆ ಇಟ್ಟಿಗೆ ಕಮ್ಮಿ, ಸಿಮೆಂಟ್ ಜಾಸ್ತಿ.

ಈ ರೂಮಿಗೆ ಬರೋಣ. 470 ಚದರಡಿಯಲ್ಲಿ ಬಾಗಿಲು-ಕಿಟಕಿ 53, ಲಿಂಟಲ್ 23 ಚಿಲ್ಲರೆ ಕಳೆದರೆ ಉಳಿದದ್ದು 393. ಒಂಬತ್ತೂವರೆಯಿಂದ ಗುಣಿಸಿದರೆ 3,740ರ ಹತ್ತಿರ. ಇದರ ಮೇಲೆ ಎಲ್ಲರೂ ಕಣ್ಣು ಮುಚ್ಚಿ ನೂರಕ್ಕೆ ಹತ್ತು ಸೇರಿಸುತ್ತಾರೆ. ನಾನು ಒಂದು ಲೋಡಿನಲ್ಲಿ ಸಾವಿರ ಇಟ್ಟಿಗೆ ಇಳಿಸಿದ್ದನ್ನು ಪಕ್ಕದಲ್ಲೇ ನಿಂತು ಎಣಿಸಿದ್ದೇನೆ. ಕೈಯಿಂದ ಇಳಿಸಿದಾಗ 45ರಷ್ಟು ಒಡೆದಿದ್ದವು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತುಂಡುಗಳು ಮೂಲೆಗೆ, ಬಾಗಿಲ ಪಕ್ಕಕ್ಕೆ ಉಪಯೋಗಕ್ಕೆ ಬಂದವು. ಕಟ್ಟುವಾಗ ಕಡಿದು ಹಾಳಾಗುವುದನ್ನೂ ಸೇರಿಸಿದರೆ ನೂರಕ್ಕೆ ಐದಾರು ಸಾಕು. ಟಿಪ್ಪರ್ ಎತ್ತಿ ಸುರಿಸಿಕೊಂಡರೆ ಆ ಮಾತು ನಡೆಯಲ್ಲ, ಎಂಟೊಂಬತ್ತು ಆಗುತ್ತದೆ. ಹೀಗೆ 4,000 ಹೇಳಿದ್ದು. ಗೂಡಿನವರ ಹತ್ತಿರ ಒಡೆದ ಇಟ್ಟಿಗೆಗೆ ಬದಲಿ ಹೇಗೆ ಈಸಿಕೊಳ್ಳುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ.

ಸಿಮೆಂಟ್, ಮರಳಿಗೆ ಘನ ಅಡಿಯೇ ಬೇಕು. ಗೋಡೆಯ 295ರಲ್ಲಿ ಬರೀ ಇಟ್ಟಿಗೆಯ ಪಾಲು 221. ಉಳಿದ 74 ಗಾರೆ. ಇಟ್ಟಿಗೆಯ ಗುಳಿಯೊಳಗೆ ಹೋಗುವುದು ಸೇರಿಸಿ 80 ಅನ್ನಿ. ಒಣ ಮಾಲಿಗೆ ಮೂರನೇ ಒಂದು ಭಾಗ ಏರಿಸಿದರೆ 106. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನಂತೆ ಸಿಮೆಂಟ್ ಹನ್ನೆರಡೂಕಾಲು ಮೂಟೆ, ಮರಳು 91 ಘನ ಅಡಿ. ಕರಣೆಯಿಂದ ಬೀಳುವುದಕ್ಕೆ ನೂರಕ್ಕೆ ಹತ್ತು ಹಾಕಿ 14 ಮೂಟೆ, 100 ಘನ ಅಡಿ.

ಆದರೆ ಮರಳಿನಲ್ಲೇ ನಾನು ಅತಿ ಹೆಚ್ಚು ಸಲ ಸೋತದ್ದು. ಒಂದು ಕೆಲಸದಲ್ಲಿ 12 ಮೂಟೆ ಬೇಕಾದ ಕಡೆ 15 ಆಯಿತು. ಸಿಮೆಂಟ್ ಯಾರೋ ಎತ್ತಿಕೊಂಡು ಹೋಗುತ್ತಿದ್ದಾರೆ ಅಂತ ಕಾವಲಿಗಿದ್ದ ಅಜ್ಜನನ್ನು ಅನುಮಾನಿಸಿ ಮಾತಾಡಿದೆ. ಆಮೇಲೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಕದ್ದದ್ದು ತೇವ! ಒದ್ದೆ ಮರಳು ಉಬ್ಬುತ್ತದೆ. ಆರು ಬಾಂಡ್ಲಿ ಹಾಕಿದರೂ ನಿಜವಾಗಿ ಬಿದ್ದದ್ದು ಐದು ಬಾಂಡ್ಲಿ ಮರಳು. ಹೀಗಾಗಿ ಸಿಮೆಂಟ್ ಬೇಗ ಮುಗಿಯುತ್ತಿತ್ತು.

ಈಗ ಪ್ರತಿ ಲೋಡಿಗೂ ಪರೀಕ್ಷೆ ಮಾಡುತ್ತೇನೆ. ನೆಟ್ಟಗಿನ ಡಬ್ಬದಲ್ಲಿ 12 ಇಂಚು ಮರಳು ತುಂಬಿ, ಅದನ್ನು ಬೇರೆ ಕಡೆ ಸುರಿದು, ಡಬ್ಬಕ್ಕೆ ಅರ್ಧ ನೀರು ಹಾಕಿ, ಮರಳನ್ನು ಮತ್ತೆ ಅದರಲ್ಲಿ ಬಿಟ್ಟು ಕಲಕುತ್ತೇನೆ. ಮುಳುಗಿದ ಮರಳು ಉಬ್ಬು ಬಿಟ್ಟು ಕೂರುತ್ತದೆ. ಈ ಸಲ ಎಂ-ಸ್ಯಾಂಡ್ ಒಂಬತ್ತೂಮುಕ್ಕಾಲು ಇಂಚಿಗೆ ಇಳಿಯಿತು. ಅಂದರೆ ನೂರಕ್ಕೆ 23 ಉಬ್ಬು. ಕಲಸುವಾಗ ಆರರ ಬದಲು ಏಳೂಕಾಲು ಬಾಂಡ್ಲಿ ಹಾಕಿಸಿದೆ, ತರಿಸಿದ್ದು 100ರ ಬದಲು 125 ಘನ ಅಡಿ. ಮಳೆಗಾಲದಲ್ಲಿ ಒಂದೇ ರಾಶಿ ಬೆಳಗ್ಗೆಗೂ ಸಂಜೆಗೂ ಬೇರೆ ಬೇರೆ ತೋರಿಸುತ್ತದೆ. ಆಗ ದಿನಕ್ಕೆರಡು ಸಲ ನೋಡಬೇಕು.

ಇನ್ನೊಂದು ನಷ್ಟ ಕಣ್ಣಿಗೆ ಕಾಣಲ್ಲ. 8 ಅಡಿಗೆ 8 ಅಡಿ ಜಾಗದಲ್ಲಿ ಮರಳು ಸುರಿದರೆ, ತಳದ ಒಂದೇ ಇಂಚು ಮಣ್ಣಿಗೆ ಬೆರೆತರೂ ಐದು ಘನ ಅಡಿ ಹೋಯಿತು. ಟಾರ್ಪಾಲ್ ಹಾಸಿದರೆ ಅದು ಉಳಿಯುತ್ತದೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ಇಟ್ಟಿಗೆ ಒಂಬತ್ತು ರೂಪಾಯಿಯಂತೆ 36,000. ಸಿಮೆಂಟ್ 390ರಂತೆ ಐದೂವರೆ ಸಾವಿರ. ಎಂ-ಸ್ಯಾಂಡ್ ಘನ ಅಡಿಗೆ 55ರಂತೆ ಸುಮಾರು 6,900. ಎಲ್ಲಾ ಸೇರಿ 48,000 ಚಿಲ್ಲರೆ. ಕೂಲಿ, ಲಿಂಟಲ್, ಪ್ಲಾಸ್ಟರಿಂಗ್ ಬೇರೆ. ನಾಲ್ಕರಲ್ಲಿ ಮೂರು ಪಾಲು ದುಡ್ಡು ಇಟ್ಟಿಗೆಯದ್ದೇ. ಹಾಗಾಗಿ ನನ್ನ ತಲೆಬಿಸಿ ಅಷ್ಟೂ ಇಟ್ಟಿಗೆಯ ಮೇಲೆ.

ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. ಇದೇ ಮುಖದ ಲೆಕ್ಕವನ್ನು 16 ಇಂಚು ಉದ್ದ, 8 ಇಂಚು ಎತ್ತರದ, 6 ಇಂಚಿನ ಸಾಲಿಡ್ ಬ್ಲಾಕ್‌ಗೆ ಹಾಕಿದೆ. ಚದರಡಿಗೆ ಒಂದಕ್ಕಿಂತ ಚೂರು ಜಾಸ್ತಿ ಹಿಡಿಯುತ್ತದೆ. ಇಷ್ಟೇ ಗೋಡೆಗೆ 404ರ ಹತ್ತಿರ. ಒಂದಕ್ಕೆ 40 ರೂಪಾಯಿ ಹಿಡಿದರೂ ಹದಿನಾರು ಸಾವಿರ ಚಿಲ್ಲರೆ. ಅಗ್ಗ, ನಿಜ. ಆದರೆ ಅದರಲ್ಲಿ ಒಡೆದ ತುಂಡು ಇಟ್ಟಿಗೆಯ ಹಾಗೆ ಸುಲಭವಾಗಿ ಉಪಯೋಗಕ್ಕೆ ಬರಲ್ಲ. ಬಾಗಿಲು, ಕಿಟಕಿಯ ಅಗಲ ಬ್ಲಾಕ್‌ನ ಅಳತೆಗೆ ಹೊಂದದಿದ್ದರೆ ಪ್ರತಿ ವರಸೆಯಲ್ಲೂ ಕಡಿಯಬೇಕು. ನನ್ನ ಮೊದಲ ಬ್ಲಾಕ್ ಕೆಲಸದಲ್ಲಿ ನಲವತ್ತು ಬ್ಲಾಕ್ ಹೀಗೆ ಹೋದವು. ಈಗ ಕಿಟಕಿಯ ಅಳತೆಯನ್ನೇ ಎರಡು ಇಂಚು ಹಿಂದೆ ಮುಂದೆ ಮಾಡಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ. ಬ್ಲಾಕ್‌ಗೆ ನನ್ನ ವೇಸ್ಟೇಜ್ ಅಂಕಿ ಇನ್ನೂ ಗಟ್ಟಿಯಾಗಿಲ್ಲ. ಮೂರೇ ಮನೆ ಆಗಿದೆ.

ಹಿರಿಯ ಮೇಸ್ತ್ರಿ ಮೊನ್ನೆ ಕೆಲಸದ ಜಾಗಕ್ಕೆ ಬಂದಿದ್ದರು. ಉಳಿದ ಇಟ್ಟಿಗೆಯ ರಾಶಿಯನ್ನು ತಾವೇ ಎಣಿಸಿದರು. ಏನೂ ಹೇಳಲಿಲ್ಲ. ಹೊರಡುವಾಗ, "ಮುಂದಿನ ವಾರ ನಂದೊಂದು ಮನೆ ಶುರುವಾಗ್ತದೆ, ಟೇಪ್ ತಗೊಂಡು ಬಾರಪ್ಪ, ಇಟ್ಟಿಗೆ ನೋಡ್ಕೊಂಡು ಬರೋಣ" ಅಂದರು.